ಒಂಬತ್ತನೇ ಪುಟದ ಷರತ್ತು

"ಕುರಿ ಕಾಯೋದು ಬಿಟ್ಟು ಇಂಗ್ಲಿಷ್ ಕಾಯಾಕ ಹತ್ಯಾನ ನೋಡ್ರಿ ಇಂವ," ಎಂದು ಕುಬೇರಪ್ಪ ಸಾವ್ಕಾರ ಪ್ರೂಫಿನ ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಏಳನೇ ಇಯತ್ತೆ ದಾಟಿಲ್ಲ, ಮಾಸ್ತರ ಬರದದ್ದಕ್ಕ ತಪ್ಪು ಹಾಕ್ಯಾನ. ಏನಲೇ, ನಿಮ್ಮಪ್ಪಗ ಸಹೀ ಮಾಡಾಕರ ಬರತಿತ್ತೇನು? ಹೆಬ್ಬಟ್ಟು ಒತ್ತೂ ಮಂದಿ ಮನಿತನಾ."

ಪ್ರೆಸ್ಸಿನಲ್ಲಿ ನನ್ನನ್ನು ಬಿಟ್ಟು ಆರು ಮಂದಿ ಇದ್ದರು. ಲಗ್ನಪತ್ರಿಕೆ ಮಾಡಿಸಲು ಬಂದಿದ್ದ ಬೀಗರಿಬ್ಬರು ಜೋರಾಗಿ ನಕ್ಕರು. ಸಾವ್ಕಾರನ ಹಿಂದೆ ನಿಂತಿದ್ದ ಸಂಘದ ಮೆಂಬರ ಒಬ್ಬ ನಗಲೋ ಬೇಡವೋ ಎಂದು ಸಾವ್ಕಾರನ ಮುಖ ನೋಡಿ ಆಮೇಲೆ ನಕ್ಕ. ನನ್ನ ಮಾಲಕ ಮಹಬೂಬಸಾಬ ಟ್ರೆಡಲ್ ಮಷೀನಿನ ಗಾಲಿಗೆ ಎಣ್ಣೆ ಬಿಡುವವನಂತೆ ಬಗ್ಗಿದ. ಮಡಿವಾಳೆಪ್ಪ ಮಾಸ್ತರರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದರು. ಅವರು ನಗಲಿಲ್ಲ. ಆದರೆ ಒಂದು ಮಾತನ್ನೂ ಆಡಲಿಲ್ಲ. ನನ್ನನ್ನು ಸುಟ್ಟದ್ದು ಅದು.

ನನ್ನ ಕೈಯಲ್ಲಿ ಅಚ್ಚಿನ ಮೊಳೆಗಳನ್ನು ಅರ್ಧ ಸಾಲು ಜೋಡಿಸಿದ ಕಬ್ಬಿಣದ ಸ್ಟಿಕ್ ಇತ್ತು. ಅದನ್ನು ಆ ಮುಖಕ್ಕೆ ಬೀಸಿ ಒಗೆಯಬೇಕು ಅನ್ನಿಸಿತು. ಒಗೆದಿದ್ದರೆ ಮೊಳೆಗಳನ್ನು ಹೆಕ್ಕಿ ಮತ್ತೆ ಕೇಸಿನ ಖಾನೆಗಳಿಗೆ ಹಾಕುವವನೂ ನಾನೇ ಆಗಬೇಕಿತ್ತು.

ನಾನು ಮಾಡಿದ ತಪ್ಪು ಇಷ್ಟು. ನಮ್ಮ ತಾಲೂಕಿನ ರೈತರ ಸಹಕಾರಿ ಸಂಘ ಒಂದು ಪುಸ್ತಕ ಮಾಡಿಸುತ್ತಿತ್ತು. ಕಾಲುವೆ ನೀರು ಬಂದು ಹತ್ತು ಹನ್ನೆರಡು ವರ್ಷಕ್ಕೆ ಕರಿ ಎರೆಹೊಲಗಳು ಬೆಳ್ಳಗಾಗತೊಡಗಿದ್ದವು. ಮಣ್ಣಿನ ಮೇಲೆ ಉಪ್ಪು ಹೂವಿನಂತೆ ಅರಳುತ್ತಿತ್ತು. ಇದಕ್ಕೆ ನಮ್ಮ ಕಡೆ ಸವಳು ಎನ್ನುತ್ತಾರೆ. ಮಣ್ಣಿನ ವಿಜ್ಞಾನಿಯೊಬ್ಬರು ನಮ್ಮ ಕಡೆಯ ನಲವತ್ತೊಂದು ಹೊಲಗಳಲ್ಲಿ ಗುಂಡಿ ತೋಡಿ, ಮಣ್ಣು ನೀರು ಎರಡನ್ನೂ ನಾಲ್ಕು ವರ್ಷ ಪರೀಕ್ಷೆ ಮಾಡಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಿದ್ದರು. ಸಂಘದ ಅಧ್ಯಕ್ಷ ಕುಬೇರಪ್ಪ ಅದನ್ನು ಕನ್ನಡ ಮಾಡಿಕೊಡಲು ಮಡಿವಾಳೆಪ್ಪ ಮಾಸ್ತರರಿಗೆ ಒಪ್ಪಿಸಿದ್ದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಸುತ್ತ ಹತ್ತೂರಲ್ಲಿ ಅವರ ಹೆಸರೆಂದರೆ ಕೈ ಮುಗಿಯುತ್ತಿದ್ದರು. ಕೋಷ್ಟಕಗಳ ಅಂಕಿ ತಾಳೆ ನೋಡಲೆಂದು ಇಂಗ್ಲಿಷ್ ಪ್ರಬಂಧದ ಟೈಪು ಪ್ರತಿಯನ್ನೂ ಮಾಸ್ತರರು ಕನ್ನಡ ಹಸ್ತಪ್ರತಿಯ ಜತೆ ಪ್ರೆಸ್ಸಿಗೆ ಕೊಟ್ಟಿದ್ದರು. ಅಂಕಿ ನೋಡುತ್ತ ನೋಡುತ್ತ ನಾನು ಮಾತನ್ನೂ ನೋಡಿದೆ. ಒಂಬತ್ತನೇ ಪುಟದ ಪ್ರೂಫಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: "ಇದು ಮೂಲದ ಮಾತಲ್ಲ. ಷರತ್ತು ತಪ್ಪಿದೆ."

ಅಚ್ಚಿನ ಮನೆಗೆ ಒಂದು ಕಟ್ಟಳೆ ಇದೆ. ಕಾಪಿ ಹೇಗಿದೆಯೋ ಹಾಗೆ ಜೋಡಿಸಬೇಕು. ಕಾಪಿಯಲ್ಲಿ ಕತ್ತೆ ಎಂದಿದ್ದರೆ ಕತ್ತೆ, ಕುದುರೆ ಎಂದಿದ್ದರೆ ಕುದುರೆ. ಮೊಳೆ ಜೋಡಿಸುವವನು ಅರ್ಥಕ್ಕೆ ಕೈ ಹಾಕಬಾರದು. ಆರು ವರ್ಷ ಆ ಕಟ್ಟಳೆ ಮುರಿದಿರಲಿಲ್ಲ.

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ಮಾತಾಡಲು ಬರುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ, ಕುರಿ ಹಿಂದೆ ಎರಡು ವರ್ಷ ತಿರುಗಿದೆ, ಆಮೇಲೆ ನವಲಗುಂದಕ್ಕೆ ಬಂದು ಈ ಪ್ರೆಸ್ಸು ಸೇರಿದೆ. ಸೇರಿದ ಮೇಲೆ ಕಣ್ಣಿಗೆ ಬಿದ್ದ ಇಂಗ್ಲಿಷ್ ಎಂದರೆ ಪ್ರಶ್ನೆಪತ್ರಿಕೆ, ಬ್ಯಾಂಕಿನ ಫಾರಮು ಮತ್ತು ಸಹಕಾರಿ ಸಂಘಗಳ ಬೈಲಾ. ಆ ಬೈಲಾ ಜೋಡಿಸಿದವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಅದರಲ್ಲಿ ಮೊದಲು ಹಕ್ಕು ಕೊಡುತ್ತಾರೆ. ಮೆಂಬರನಿಗೆ ಇಂಥದು ಸಿಗತಕ್ಕದ್ದು ಎನ್ನುತ್ತಾರೆ. ವಾಕ್ಯದ ಕೊನೆಯಲ್ಲಿ ಒಂದೇ ಒಂದು ಮಾತು ಸೇರಿಸಿ ಆ ಹಕ್ಕನ್ನು ಗೂಟಕ್ಕೆ ಕಟ್ಟುತ್ತಾರೆ. ಕನ್ನಡ ಬೈಲಾದಲ್ಲಿ ಆ ಮಾತು 'ಪರಂತು' ಎಂದು ಬರುತ್ತದೆ. ಅದರ ಇಂಗ್ಲಿಷ್ ಮಾತಾದ 'ಪ್ರೊವೈಡೆಡ್' ಅನ್ನು ನಾನು ಒಂದೊಂದೇ ಅಕ್ಷರ ಹೆಕ್ಕಿ ನೂರು ಸಲ ಜೋಡಿಸಿದ್ದೇನೆ. ಗೊತ್ತಿಲ್ಲದ ಪದಕ್ಕೆ ರದ್ದಿಯಲ್ಲಿ ಕೊಂಡ ಡಿಕ್ಷನರಿ ಇತ್ತು. ವಿಜ್ಞಾನಿಯ ಪ್ರಬಂಧದಲ್ಲಿ ಅದೇ ಮಾತು ಒಂಬತ್ತನೇ ಪುಟಕ್ಕೆ ಬರಬೇಕಾದ ಉದ್ದನೆಯ ವಾಕ್ಯದ ನಡುವೆ ನಿಂತಿತ್ತು.

ಆ ವಾಕ್ಯ ಹೇಳುವುದೇನೆಂದರೆ: ಹೊಲದಲ್ಲಿ ನೀರು ನಿಲ್ಲಿಸಿದರೆ ಉಪ್ಪು ಕರಗಿ ಕೆಳಗಿಳಿದು ನೆಲ ಸುಧಾರಿಸುತ್ತದೆ, ಆದರೆ ಅದಕ್ಕೊಂದು ಷರತ್ತು, ಬಸಿಗಾಲುವೆಗಳು ನೀರನ್ನು ಹೊಲದ ಹೊರಗೆ ಸಾಗಿಸಿ, ನೆಲದೊಳಗಿನ ನೀರಿನ ಮಟ್ಟವನ್ನು ಬೇರಿನ ಕೆಳಗೆ ಇಟ್ಟಿರಬೇಕು. ಮುಂದಿನ ವಾಕ್ಯ: ಹಾಗಿಲ್ಲದ ಕಡೆ ಅದೇ ನೀರು ಒಳಗಿನ ನೀರನ್ನು ಮೇಲೆತ್ತಿ, ಉಪ್ಪನ್ನು ಮೊದಲಿಗಿಂತ ಹೆಚ್ಚು ಮಾಡುತ್ತದೆ.

ಮಾಸ್ತರರು ಬರೆದದ್ದು ಹೀಗೆ: "ಹೊಲದಲ್ಲಿ ನೀರು ನಿಲ್ಲಿಸಬೇಕು. ಲವಣಗಳು ಕರಗಿ ಕೆಳಗಿಳಿಯುತ್ತವೆ. ಭೂಮಿ ಮರಳಿ ಸಾಗುವಳಿಗೆ ಯೋಗ್ಯವಾಗುತ್ತದೆ. ಬಸಿಗಾಲುವೆಗಳನ್ನು ತೋಡುವುದೂ ಅವಶ್ಯ. ಅಂತರ್ಜಲ ಮೇಲೇರಿದರೆ ಲವಣ ಹೆಚ್ಚುತ್ತದೆ. ಈ ಬಗ್ಗೆ ಎಚ್ಚರ ವಹಿಸಬೇಕು."

ಆ ತಿಂಗಳ ಕೊನೆಗೆ ಕಾಲುವೆಗೆ ನೀರು ಬಿಡುವವರಿದ್ದರು. ಅದಕ್ಕೂ ಮೊದಲು ಐನೂರು ಪ್ರತಿ ಊರೂರಿಗೆ ಹೋಗಬೇಕಿತ್ತು. ನಮ್ಮೂರಲ್ಲಿ ಹಳ್ಳದ ಕಡೆಯ ಹೊಲಗಳು ಬೆಳ್ಳಗಾಗಿದ್ದವು. ಅದರಲ್ಲಿ ನಮ್ಮವ್ವ ಸಾವಂತ್ರೆವ್ವನ ಹೆಸರಲ್ಲಿದ್ದ ಎರಡು ಎಕರೆಯೂ ಸೇರಿತ್ತು. ಪುಸ್ತಕ ಓದಿ ಹತ್ತು ಮಂದಿ ನೀರು ನಿಲ್ಲಿಸಿದರೆ ಇನ್ನೂ ಕರ್ರಗಿದ್ದ ಹೊಲಗಳೂ ಹೋಗುತ್ತಿದ್ದವು. ನೆಲದೊಳಗಿನ ನೀರಿಗೆ ಬದುವು ಗೊತ್ತಿಲ್ಲ.

ಸಾವ್ಕಾರ ಹಾಳೆಯನ್ನು ಮೇಜಿನ ಮೇಲೆ ಒಗೆದು ಹೋದ. ಬೀಗರೂ ಹೋದರು. ಮಾಸ್ತರರು ಎದ್ದು ಬಂದು ಆ ಹಾಳೆ ತೆಗೆದುಕೊಂಡರು.

"ಬೀರಲಿಂಗ, ನಾ ಏನು ಬಿಟ್ಟೀನಿ ಹೇಳು," ಎಂದರು. ಸಿಟ್ಟಿರಲಿಲ್ಲ. ಶಾಲೆಯಲ್ಲಿ ಹುಡುಗನನ್ನು ನಿಲ್ಲಿಸಿ ಕೇಳುವ ದನಿ. "ನೀರು ನಿಲ್ಲಸೋದು ಐತಿ. ಉಪ್ಪು ಇಳಿಯೋದು ಐತಿ. ಬಸಿಗಾಲುವಿ ಐತಿ. ಅಂತರ್ಜಲ ಐತಿ. ಯಾವುದು ಇಲ್ಲ?"

ನಾನು ಎರಡು ಸಲ ಓದಿದೆ. ನಿಜ. ಎಲ್ಲವೂ ಇತ್ತು.

"ಎಲ್ಲಾ ಐತ್ರಿ. ಆದ್ರ ಒಂದಕ್ಕೊಂದು ಕಟ್ಟಿಲ್ರಿ."

"ಉದ್ದ ವಾಕ್ಯ ರೈತಗ ತಿಳಿಯೂದಿಲ್ಲೋ ತಮ್ಮಾ. ನಂದೊಂದು ನೇಮ ಐತಿ. ಇಂಗ್ಲಿಷಿನ ಒಂದು ವಾಕ್ಯ ಬಂದ್ರ ಅದನ್ನ ನಾಕು ತುಂಡು ಮಾಡತೀನಿ. ತುಂಡಿಗೆ ಏಳೆಂಟು ಶಬ್ದ, ಮುಗೀತು. ಮೂವತ್ತು ವರ್ಷ ಹುಡುಗೂರಿಗೆ ಹಂಗ ಕಲಿಸೀನಿ. ಪರಂತು ಗಿರಂತು ಹಾಕಿದ್ರ ಅದು ಕೋರ್ಟಿನ ಕನ್ನಡ ಆಗತೈತಿ."

"ಕೋರ್ಟಿನ ಕನ್ನಡ ಆದ್ರ ಆಗಲಿ, ಹೊಲಾ ಉಳೀತಾವಲ್ರಿ."

"ದನಿ ತಗ್ಗಿಸು," ಎಂದರು. ಕೊಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಮಹಬೂಬಸಾಬ ಎಣ್ಣೆಯ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತ. "ನಿನ್ನ ಕೆಲಸ ಏನು?"

"ಕಂಪೋಸಿಂಗ್ ಚಾಚಾ."

"ಕಂಪೋಸ್ ಮಾಡು. ಸಂಘದ ಕೆಲಸ ಹೋತಂದ್ರ ಈ ಮಷೀನ್ ಮ್ಯಾಲ ಕೋಳಿ ಸಾಕಬೇಕಾಗತೈತಿ."

ಆ ಶನಿವಾರ ಊರಿಗೆ ಹೋದೆ. ಪ್ರೂಫಿನ ಇನ್ನೊಂದು ಪ್ರತಿ ಅಂಗಿಯ ಒಳಗಿಟ್ಟುಕೊಂಡಿದ್ದೆ. ನಮ್ಮ ಮನೆಯ ಕಟ್ಟೆಯ ಮೇಲೆ ಅವ್ವ ಮತ್ತು ಫಕೀರವ್ವ ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದರು. ಫಕೀರವ್ವ ಅಪ್ಪನ ತಂಗಿ, ಗಂಡ ಇಲ್ಲ, ಮೂರೆಕರೆ ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಅದರಲ್ಲಿ ಒಂದೂವರೆ ಎಕರೆ ಬೆಳ್ಳಗಾಗಿತ್ತು. ನಾನು ಒಂಬತ್ತನೇ ಪುಟವನ್ನು ಸಾವಕಾಶ ಓದಿದೆ.

"ತಿಳೀತೇನ ಅತ್ತಿ?"

"ತಿಳೀದ ಏನು? ಅಗದಿ ಹಾಲು ಕುಡದಂಗ ಐತಿ."

"ಹಂಗಾರ ನಾಳಿ ಕಾಲುವಿಗೆ ನೀರು ಬಂತು ಅಂತ ತಿಳಿ. ಏನ ಮಾಡತಿ?"

"ಒಡ್ಡು ಹಾಕಿ ನೀರ ನಿಲ್ಲಸತೀನಿ. ಉಪ್ಪು ಕೆಳಗ ಹೊಕ್ಕೈತಿ ಅಂತ ನೀನಽ ಓದಿದೆಲ್ಲ."

ಅವ್ವ ತಲೆಯಾಡಿಸಿದಳು. ಅವಳೂ ಅದನ್ನೇ ಮಾಡುವವಳಿದ್ದಳು.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಪದ ಯಾವುದೂ ತಪ್ಪಿರಲಿಲ್ಲ, ಕಾಗುಣಿತ ತಪ್ಪಿರಲಿಲ್ಲ, ಮಾತು ಹಾಲಿನಂತಿತ್ತು. ಆ ಹಾಲು ಕುಡಿದು ನಮ್ಮ ಮಂದಿ ತಮ್ಮ ಹೊಲವನ್ನು ತಾವೇ ಕೊಲ್ಲುವವರಿದ್ದರು. ಅತ್ತೆಯ ಕಾಲು ಹಿಡಿಯುವುದೊಂದೇ ಬಾಕಿ, ಹಾಗೆ ಕೇಳಿಕೊಂಡೆ. "ಮಂಗಳವಾರ ಸಂತಿಗೆ ಬರ್ತಿಯಲ್ಲ, ಪ್ರೆಸ್ಸಿಗೆ ಬಾ," ಎಂದೆ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ.

ಮಂಗಳವಾರ ಮಾಸ್ತರರು ಹದಿನೇಳನೇ ಪುಟದ ಪ್ರೂಫು ನೋಡುತ್ತ ಕೂತಿದ್ದರು. ಫಕೀರವ್ವ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಬಾಗಿಲಲ್ಲಿ ನಿಂತಳು.

"ಮಾಸ್ತರ, ನಮ್ಮತ್ತಿ," ಎಂದೆ. "ಈಕಿ ಹೊಲಾ ಸವಳಾಗೈತ್ರಿ. ಒಂಬತ್ತನೇ ಪುಟ ಒಂದೀಟು ಓದಿ ಹೇಳ್ರಿ. ನೀವಽ ಓದ್ರಿ, ನಾ ಓದಿದ್ರ ದನಿಯೊಳಗ ಏನರ ಸೇರಿಸ್ಯಾನ ಅಂದೀರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಓದಿದರು. ಚೆಂದ ಓದುತ್ತಿದ್ದರು, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವೂ ಕೇಳಿಸುತ್ತಿದ್ದವು. ಓದಿ ಮುಗಿಸಿ ತಾವೇ ಕೇಳಿದರು, "ನೀರು ಬಂದ್ರ ಏನು ಮಾಡತಿ ಯವ್ವಾ?"

"ನಿಲ್ಲಸತೀನ್ರಿ."

"ಬಸಿಗಾಲುವಿ?"

"ಅದನ್ನ ಮುಂದಿನ ವರ್ಷ ನೋಡೂಣ್ರಿ. ಒಮ್ಮೆಲೆ ಎಲ್ಲಾ ಹೆಂಗ ಆಕ್ಕೈತಿ?"

"ಬಸಿಗಾಲುವಿ ಅವಶ್ಯ ಅಂತ ಓದಿದೆ, ಕೇಳಿದಿಲ್ಲೋ?"

"ಕೇಳಿದೆ ಬಿಡ್ರಿ. ಅವಶ್ಯ ಭಾಳ ಅದಾವ್ರಿ ನಮಗ. ಮಗಳ ಬಾಣಂತನ ಅವಶ್ಯ. ಮಾಳಿಗಿ ಸೋರತೈತಿ, ಅದೂ ಅವಶ್ಯ." ಬುಟ್ಟಿ ಸರಿಮಾಡಿಕೊಂಡಳು. "ಯಾಕ್ರಿ, ಏನರ ತಪ್ಪು ಹೇಳಿದೆನೇನ್ರಿ?"

"ನೀ ತಪ್ಪು ಹೇಳಿಲ್ಲ," ಎಂದರು ಮಾಸ್ತರರು.

ಅವಳು ಸಂತೆಗೆ ಹೋದ ಮೇಲೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ಧೋತರದ ಅಂಚಿನಿಂದ ಒರೆಸಿದರು. ಮಷೀನು ನಿಂತಿತ್ತು. ಮಹಬೂಬಸಾಬನೂ ಕೇಳಿಸಿಕೊಂಡಿದ್ದ.

"ನಾಳಿ ಮುಂಜಾನೆ ಮನಿಗೆ ಬಾ," ಎಂದರು ನನಗೆ. "ಮೂಲ ತಗೊಂಡು ಬಾ."

ಅವರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಾನು ಹೊಸ್ತಿಲ ಬಳಿ ಕೂತೆ. "ಒಳಗ ಬಾ," ಎಂದರು. ಬರಲಿಲ್ಲ. ಅವರೇ ಸಣ್ಣ ಮೇಜನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದರು.

ನಾನು ರಾತ್ರಿಯೇ ಒಂದು ವಾಕ್ಯ ಬರೆದುಕೊಂಡಿದ್ದೆ. ತಲೆ ಎತ್ತಿ ಓದಿದೆ: "ಬಸಿಗಾಲುವೆ ತೋಡಿದರೆ ಸವಳು ಹೋಗುತ್ತದೆ, ತೋಡದೆ ನೀರು ನಿಲ್ಲಿಸಿದರೆ ನೆಲ ಹಾಳಾಗುತ್ತದೆ."

ಮಾಸ್ತರರು ಅದನ್ನು ತಮ್ಮ ಕೈಬರಹದಲ್ಲಿ ಇಳಿಸಿಕೊಂಡು, ಮೂರು ಕಡೆ ಗೆರೆ ಎಳೆದರು.

"ಈಗ ನಿನ್ನ ಸರದಿ," ಎಂದರು. "ಬಸಿಗಾಲುವಿ ತೋಡಿದ್ರ ಸವಳು ಹೋಗತೈತಿ ಅಂತ ಯಾರು ಹೇಳ್ಯಾರ? ಕಾಲುವಿ ತಾನಽ ಉಪ್ಪು ತೊಳೀತೈತೇನು? ತೊಳಿಯೂದು ನೀರು. ಕಾಲುವಿ ಇದ್ರ ಆ ನೀರಿಗೆ ಹೋಗಾಕ ಹಾದಿ. ಎರಡೂ ಬೇಕು. ನೀ ಷರತ್ತನ್ನ ಹಿಡದು ಕಾರಣದ ಕುರ್ಚಿಮ್ಯಾಲ ಕುಂಡ್ರಿಸೀದಿ."

ನಾನು ನನ್ನ ವಾಕ್ಯವನ್ನು ಮತ್ತೆ ಓದಿಕೊಂಡೆ.

"ಎರಡನೇದು. 'ತೋಡಿದರೆ' ಅಂತಿ. ಮೂಲದಾಗ ತೋಡೋದು ಎಲ್ಲೈತಿ? ಒಳಗಿನ ನೀರನ್ನ ಕೆಳಗ ಇಟ್ಟಿರಬೇಕು ಅಂತೈತಿ. ಒಬ್ಬಾಂವ ತನ್ನ ಹೊಲದಾಗ ತಗ್ಗು ತೋಡಿ, ಅದು ಬದುವಿನ ಮಟಾ ಹೋಗಿ ನಿಂತ್ರ? ತೋಡಿದಂಗ ಆತು, ನೀರು ಹೋಗಲಿಲ್ಲ. ನಿನ್ನ ವಾಕ್ಯದ ಪ್ರಕಾರ ಅಂವಗ ಸವಳು ಹೋಗಬೇಕು."

"ಮೂರನೇದ್ರಿ?"

"ಅವರು ಯಾವ ಹೊಲದ ಮಾತು ಹೇಳತಾರ?"

ನಾನು ಮೂಲ ನೋಡಿದೆ. ವಾಕ್ಯದ ಬಾಯಲ್ಲೇ ಇತ್ತು: ಪರೀಕ್ಷೆ ಮಾಡಿದ ಹೊಲಗಳಲ್ಲಿ. ಅದನ್ನು ಮಾಸ್ತರರೂ ಬಿಟ್ಟಿದ್ದರು, ನಾನೂ ಬಿಟ್ಟಿದ್ದೆ.

"ನಾನೂ ಬಿಟ್ಟೀನಿ, ಹೌದು," ಎಂದರು ನಾನು ಹೇಳುವ ಮೊದಲೇ. "ಅವರು ನಲವತ್ತೊಂದು ಹೊಲಾ ನೋಡ್ಯಾರ. ನಾವು ಭೂಮಂಡಲಕ್ಕ ಹೇಳಿದ್ವಿ. ನಾ ಸರಳ ಮಾಡಾಕ ಹೋಗಿ ಕಡಿಮಿ ಹೇಳಿದೆ. ನೀ ಸಿಟ್ಟಿಲೆ ಹೆಚ್ಚು ಹೇಳಿದಿ. ಎರಡೂ ಅವರ ಮಾತಲ್ಲ."

ಸಿಟ್ಟು ಇಳಿಯಲಿಲ್ಲ. ಆದರೆ ಅದಕ್ಕೆ ಮಾಡಲು ಕೆಲಸ ಸಿಕ್ಕಿತು. ನಾನು ಹೊಸ್ತಿಲು ದಾಟಿ ಒಳಗೆ ಕೂತೆ.

ಮಧ್ಯಾಹ್ನದವರೆಗೆ ಮೂಲದ ಎರಡೇ ವಾಕ್ಯದ ಮೇಲೆ ಕೂತೆವು. ಮೊದಲು ಅವರು ಇಂಗ್ಲಿಷ್ ವಾಕ್ಯದ ಎಲುಬು ಬಿಡಿಸಿ ಕಾಗದದ ಮೇಲೆ ಇಟ್ಟರು: ಯಾವ ಹೊಲ, ಏನು ಮಾಡಿದರೆ, ಏನಾಗುತ್ತದೆ, ಯಾವ ಷರತ್ತಿಗೆ, ಷರತ್ತು ತಪ್ಪಿದರೆ ಏನು, ಯಾಕೆ. "ಇಂಗ್ಲಿಷಿನಾಗ ಷರತ್ತು ಹಿಂದ ಬಂದ್ರೂ ನಡೀತೈತಿ, ಓದಾಂವ ಪೂರ್ಣವಿರಾಮದ ಮಟಾ ಕಾಯತಾನ," ಎಂದರು. "ನಮ್ಮ ಮಾತಿನಾಗ ಷರತ್ತು ಮುಂದ ಬರತೈತಿ. ಮಳಿ ಆದ್ರ ಬಿತ್ತತೀನಿ ಅಂತೀವಿ. ಬಿತ್ತತೀನಿ, ಮಳಿನೂ ಆಗಬೇಕು ಅಂತ ಯಾರು ಅಂತಾರ? ನಾ ಹಂಗ ಬರದೀನಿ ನೋಡು." ಅದನ್ನು ಅವರು ನನಗೆ ಹೇಳಿದಂತಿರಲಿಲ್ಲ.

'ಮಾತ್ರ' ಎಂಬ ಪದಕ್ಕೆ ಒಂದು ತಾಸು ಹೋಯಿತು. "ಹಂಗಿದ್ರ ಮಾತ್ರ ಅಂತ ಹಾಕೂಣ್ರಿ," ಎಂದೆ.

"ಇಂಗ್ಲಿಷಿನ ಈ ವಾಕ್ಯದಾಗ 'ಮಾತ್ರ' ಇಲ್ಲ."

"ಮುಂದಿನ ವಾಕ್ಯದಾಗ ಐತ್ರಿ."

"ಎಲ್ಲಿ? ತೋರಸು."

"ಪದಾ ಇಲ್ರಿ. ಷರತ್ತು ಇಲ್ಲದ ಕಡೆ ನೆಲ ಸುಧಾರಿಸೂದಿಲ್ಲ, ಉಲ್ಟಾ ಕೆಡತೈತಿ ಅಂದಾರ. ಷರತ್ತು ಇದ್ರ ಆಕ್ಕೈತಿ, ಇಲ್ಲಂದ್ರ ಆಗೂದಿಲ್ಲ. ಎರಡೂ ಕೂಡಿಸಿದ್ರ 'ಮಾತ್ರ' ಆಗಲಿಲ್ಲೇನ್ರಿ?"

ಅವರು ಎರಡೂ ವಾಕ್ಯಗಳ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ 'ಮಾತ್ರ' ಎಂದು ಬರೆದರು. ಬೇಷ್ ಎನ್ನಲಿಲ್ಲ. ಅಂದಿದ್ದರೆ ಎದ್ದು ಬರುತ್ತಿದ್ದೆ.

ಕೊನೆಗೆ ಆದದ್ದು ಇದು:

"ಪರೀಕ್ಷಿಸಿದ ಹೊಲಗಳಲ್ಲಿ ಕಂಡುಬಂದಂತೆ, ಬಸಿಗಾಲುವೆಗಳು ನೀರನ್ನು ಹೊಲದಿಂದ ಹೊರಗೆ ಸಾಗಿಸಿ ಅಂತರ್ಜಲ ಮಟ್ಟವನ್ನು ಬೇರಿನ ವಲಯದ ಕೆಳಗೆ ಇರಿಸಿದ್ದಲ್ಲಿ ಮಾತ್ರ, ನಿಲ್ಲಿಸಿದ ನೀರು ಲವಣಗಳನ್ನು ಕರಗಿಸಿ ಕೆಳಗೊಯ್ದು ನೆಲವನ್ನು ಸಾಗುವಳಿಗೆ ಮರಳಿಸುತ್ತದೆ. ಈ ಷರತ್ತು ಈಡೇರದ ಕಡೆ ಅದೇ ನೀರು ಅಂತರ್ಜಲವನ್ನು ಮೇಲೆತ್ತುತ್ತದೆ. ಕೇಶಾಕರ್ಷಣೆಯಿಂದ, ಅಂದರೆ ಬತ್ತಿ ಎಣ್ಣೆಯನ್ನು ಏರಿಸುವಂತೆ, ಮಣ್ಣಿನಲ್ಲಿ ಏರಿದ ತೇವ ಆವಿಯಾಗಿ, ಅದು ಹೊತ್ತು ತಂದ ಲವಣಗಳು ಮೇಲ್ಮಣ್ಣಿನಲ್ಲಿ ಮೊದಲಿಗಿಂತ ಹೆಚ್ಚಾಗಿ ಉಳಿಯುತ್ತವೆ."

ಬತ್ತಿಯ ಮಾತು ಮೂಲದಲ್ಲಿಲ್ಲ. ಅದನ್ನು ಸೇರಿಸುವುದೋ ಬೇಡವೋ ಎಂದು ಅವರು ಊಟ ಬಿಟ್ಟು ಕೂತರು. "ಇದು ವಾದಕ್ಕ ಏನೂ ಕೂಡಸೂದಿಲ್ಲ, ಏನೂ ಕಳೆಯೂದಿಲ್ಲ. ಪದದ ಅರ್ಥ ಅಷ್ಟಽ. ಇರಲಿ," ಎಂದರು ಕೊನೆಗೆ.

ಇಬ್ಬರೂ ಪ್ರೆಸ್ಸಿಗೆ ಬಂದೆವು. ಮಹಬೂಬಸಾಬ ನಮ್ಮನ್ನು ನೋಡಿ ಕಣ್ಣು ತಪ್ಪಿಸಿದ. ಒಂಬತ್ತನೇ ಪುಟ ಅಚ್ಚಾಗಿತ್ತು. ಐನೂರು ಹಾಳೆ, ಹಗ್ಗದ ಮೇಲೆ, ಮೇಜಿನ ಮೇಲೆ, ನೆಲದ ಮೇಲೆ ಒಣಗುತ್ತಿದ್ದವು. ಮುಂಜಾನೆ ಸಾವ್ಕಾರ ತಾನೇ ಬಂದು ನಿಂತು ಹೊಡೆಸಿದ್ದ. ಈಗಲೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ.

ಮಾಸ್ತರರು ಹೊಸ ಹಾಳೆ ಕೊಟ್ಟರು. ಸಾವ್ಕಾರ ಅದನ್ನು ನಿಧಾನ ಓದಿದ. ಅವನು ದಡ್ಡನಲ್ಲ. ನಮ್ಮೂರ ಬೆಳ್ಳನೆ ಹೊಲಗಳಿಗೂ ಹಳ್ಳಕ್ಕೂ ನಡುವೆ ಇರುವುದು ಅವನ ಹದಿನಾರು ಎಕರೆ. ನೀರು 'ಹೊಲದಿಂದ ಹೊರಗೆ' ಹೋಗಬೇಕೆಂದರೆ ಬೇರೆ ಹಾದಿ ಇಲ್ಲ. 'ಸಾಗಿಸಿ' ಎಂಬ ಪದದ ಮೇಲೆ ಅವನ ಬೆರಳು ನಿಂತದ್ದನ್ನು ನಾನು ಕಂಡೆ.

"ಚಲೋ ಐತ್ರಿ ಮಾಸ್ತರ," ಎಂದ. "ಅಚ್ಚು ಆಗಿಬಿಟ್ಟೈತಲ್ರಿ ಆದ್ರ. ಒಂದ ಕೆಲಸ ಮಾಡೂಣು. ಪುಸ್ತಕದ ಕಡೀಕ ಒಂದು ತಿದ್ದುಪಡಿ ಚೀಟಿ ಹಚ್ಚೂಣು. ಎಲ್ಲಾರೂ ಹಂಗಽ ಮಾಡತಾರ."

ಮಾಸ್ತರರು ತಲೆಯಾಡಿಸುವವರಿದ್ದರು. ದಣಿದಿದ್ದರು. ನಾನು ಬಾಯಿ ತೆಗೆದೆ.

"ಮತ್ತ ಷರತ್ತನ್ನ ಬಾಲಕ್ಕ ಕಟ್ಟಿದಂಗ ಆತಲ್ರಿ ಮಾಸ್ತರ. ಒಂಬತ್ತನೇ ಪುಟದಾಗ ನೀರು ನಿಲ್ಲಸು ಅಂತ ಓದಿದಾಂವ ಕಡೀ ಪುಟಕ್ಕ ಯಾವಾಗ ಬರತಾನ? ಅಷ್ಟೊತ್ತಿಗೆ ಒಡ್ಡು ಹಾಕಿರತಾನ."

"ನಿನ್ನ ಯಾರು ಕೇಳಿದ್ರಲೇ?" ಎಂದ ಸಾವ್ಕಾರ.

"ನಾ ಕೇಳೀನಿ," ಎಂದರು ಮಾಸ್ತರರು. ನನ್ನ ಕಡೆ ನೋಡದೆ ಹೇಳಿದರು. "ಅಂವ ಹೇಳೂದು ಖರೇ ಐತಿ. ಕುಬೇರಪ್ಪ, ಈ ಹಾಳಿ ತೆಗೀಬೇಕು. ಇಲ್ಲಂದ್ರ ಮುಖಪುಟದಾಗ ನನ್ನ ಹೆಸರು ಹಾಕಬ್ಯಾಡ."

"ಯಾಕ್ರಿ ಮಾಸ್ತರ ಇಷ್ಟು? ಎಲ್ಲಾ ಪದಾ ಅದಾವಲ್ರಿ ಅದರಾಗ."

"ಅದಾವು. ನಾನೂ ಹಂಗಽ ಅಂದಿದ್ದೆ."

ಪುಸ್ತಕದ ಬಿಡುಗಡೆಗೆ ಆ ವಿಜ್ಞಾನಿ ತಾವೇ ಬರುವವರಿದ್ದರು. ಮಾಸ್ತರರ ಹೆಸರಿಲ್ಲದ ಪುಸ್ತಕವನ್ನು ಅವರ ಕೈಗೆ ಕೊಡುವುದು ಸಾವ್ಕಾರನಿಗೂ ಆಗದ ಮಾತು. ಅವನು ಹೆಗಲ ಮೇಲಿನ ವಸ್ತ್ರ ಝಾಡಿಸಿ, "ಕಾಗದ ಯಾರು ಕೊಡತಾರ?" ಎಂದ.

"ಲಗ್ನಪತ್ರಿಕಿ ಕಾಗದ ಉಳದೈತ್ರಿ," ಎಂದ ಮಹಬೂಬಸಾಬ, ಮಷೀನಿನ ಹಿಂದಿನಿಂದ. "ಬಣ್ಣ ಒಂದೀಟು ಹಳದಿ. ಒಂದು ಹಾಳಿ ಹಳದಿ ಇದ್ರ ಏನಾತ್ರಿ."

ಆ ಪುಟವನ್ನು ಹೊಸದಾಗಿ ನಾನೇ ಜೋಡಿಸಿದೆ. ಪ್ರೂಫು ಮಾಸ್ತರರು ನಾಲ್ಕು ಸಲ ನೋಡಿದರು. ಹಳೆಯ ಐನೂರು ಹಾಳೆಗಳನ್ನು ಮಹಬೂಬಸಾಬ ಮಷೀನು ಒರೆಸಲು ಇಟ್ಟುಕೊಂಡ. ಮಾಸ್ತರರು ನನಗೆ ಆ ಮೊದಲ ದಿನದ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕ್ಷಮಿಸಲಿಲ್ಲ. ಸ್ಟೂಲಿನ ಮೇಲೆ ಸುಮ್ಮನೆ ಕೂತದ್ದು ಕೂತದ್ದೇ.

ಕಾಲುವೆಗೆ ನೀರು ಬರಲು ನಾಲ್ಕು ದಿನ ಇರುವಾಗ ಪುಸ್ತಕ ನಮ್ಮೂರಿಗೆ ಬಂತು. ಸಂಜೆ ಚಾವಡಿಯ ಮುಂದೆ ಮಂದಿ ಕೂಡಿದ್ದರು, ಐವತ್ತು ಅರವತ್ತು ಜನ. ಸಾವ್ಕಾರ ಕಟ್ಟೆಯ ಮೇಲೆ ಕೂತು, ಸಂಘ ರೈತರಿಗಾಗಿ ಎಷ್ಟು ದುಡಿಯುತ್ತಿದೆ ಎಂದು ಹೇಳಿದ. ಮಾಸ್ತರರ ವಿದ್ವತ್ತನ್ನು ಹೊಗಳಿದ. ಪುಸ್ತಕ ಹಂಚಿ ಎದ್ದೇಳುವವನಿದ್ದ.

"ಒಂದು ಪುಟ ಓದತೀನಿ," ಎಂದರು ಮಾಸ್ತರರು.

ಓದಿದರು. ಉದ್ದನೆಯ ವಾಕ್ಯ. ರೈತನಿಗೆ ಉದ್ದ ವಾಕ್ಯ ತಿಳಿಯುವುದಿಲ್ಲ ಎನ್ನುವುದು ಸುಳ್ಳು; 'ಮಾತ್ರ' ಬಂದಾಗ ಮುಂದಿನ ಸಾಲಿನ ಮುದುಕರು ಬೀಡಿ ಕೆಳಗಿಳಿಸಿದ್ದನ್ನು ನಾನು ನೋಡಿದೆ. ಮಾಸ್ತರರು ಮುಗಿಸಿದ ಮೇಲೆ ಭರಮಪ್ಪ ಎಂಬ ರೈತ ಮತ್ತೊಮ್ಮೆ ಓದಲು ಹೇಳಿದ. ಮತ್ತೊಮ್ಮೆ ಓದಿದರು.

ಹೆಂಗಸರ ಸಾಲಿನಿಂದ ಫಕೀರವ್ವ ಎದ್ದು ನಿಂತಳು.

"ಹಂಗಾರ ಈ ಸರತಿ ನೀರು ನಿಲ್ಲಸಬಾರದು," ಎಂದಳು. ಕೇಳಿದ್ದಲ್ಲ, ಹೇಳಿದ್ದು.

"ಹಾದಿ ಇಲ್ಲದ ನಿಲ್ಲಸಬಾರದು," ಎಂದರು ಮಾಸ್ತರರು.

"ಹಾದಿ ಅಂದ್ರ ನೀರು ಹಳ್ಳಕ್ಕ ಹೋಗಬೇಕಲ್ರಿ." ಅವಳು ಕಟ್ಟೆಯ ಕಡೆ ತಿರುಗಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು, ದನಿ ಮಾತ್ರ ತಗ್ಗಿಸಲಿಲ್ಲ. "ಸಾವ್ಕಾರ್ರ, ನಮ್ಮ ಹೊಲದಿಂದ ಹಳ್ಳಕ್ಕ ಕಾಲುವಿ ಯಾರ ಹೊಲದಾಗ ಹಾಯಬೇಕ್ರಿ?"

ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಅವನ ಮುಖವನ್ನೇ ನೋಡಿದರು. ನಮ್ಮವ್ವ ನೋಡಿದಳು. ಅಪ್ಪನ ಹೆಬ್ಬಟ್ಟಿನ ಮಾತಿಗೆ ಅಂದು ಪ್ರೆಸ್ಸಿನಲ್ಲಿ ನಕ್ಕಿದ್ದ ಮೆಂಬರನೂ ನೋಡಿದ.

"ಕೇಳ್ಯಾಳ ಈಕಿ, ಹೇಳ್ರಿ ಸಾವ್ಕಾರ್ರ," ಎಂದ ಭರಮಪ್ಪ.

ಕುಬೇರಪ್ಪ ಪುಸ್ತಕವನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಕಟ್ಟೆಯಿಂದ ಇಳಿದ. ಚಪ್ಪಲಿ ಮೆಟ್ಟಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ. ಕೂತಿದ್ದ ಮಂದಿ ಕಾಲು ಮಡಿಚಿ ದಾರಿ ಬಿಟ್ಟರು. ಅವನು ಯಾರ ಕಡೆಗೂ ತಿರುಗದೆ ಊರ ಅಗಸಿ ಬಾಗಿಲ ಕಡೆ ನಡೆದು ಹೋದ.